ಜುಲೈ 31 ದಾಟಿದ ಮೇಲಿನ ಲೆಕ್ಕ

ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ಒಬ್ಬ ನೌಕರನನ್ನು ಊಹಿಸಿಕೊಳ್ಳಿ. 2023ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಂಪನಿಯಲ್ಲಿ ತಿಂಗಳಿಗೆ 70,000 ರೂಪಾಯಿ ಸಂಬಳ. ಅಕ್ಟೋಬರ್‌ನಲ್ಲಿ ಕೆಲಸ ಬದಲಾಯಿಸಿ, ಮುಂದಿನ ಮಾರ್ಚ್‌ವರೆಗೆ ಇನ್ನೊಂದು ಕಂಪನಿಯಲ್ಲಿ ತಿಂಗಳಿಗೆ 80,000. ಬ್ಯಾಂಕಿನ ಠೇವಣಿಯಿಂದ ಆ ವರ್ಷ 30,000 ರೂಪಾಯಿ ಬಡ್ಡಿಯೂ ಬಂದಿದೆ. ವ್ಯಕ್ತಿ ಕಲ್ಪಿತ, ಆದರೆ ಪರಿಸ್ಥಿತಿ ಕಲ್ಪಿತವಲ್ಲ. ವರ್ಷದ ನಡುವೆ ಕೆಲಸ ಬದಲಿಸಿದವರ ಫೈಲುಗಳಲ್ಲಿ ಇದೇ ಕಥೆ ಮತ್ತೆ ಮತ್ತೆ ಕಾಣುತ್ತದೆ.

ಸಂಬಳದಿಂದ ಟಿಡಿಎಸ್ ಕಡಿತವಾಗಿದೆ, ಹಾಗಾಗಿ ತೆರಿಗೆಯ ಕೆಲಸ ಮುಗಿಯಿತು ಎಂದು ಈ ನೌಕರ ಭಾವಿಸಿದ್ದಾನೆ. 2024ರ ಜುಲೈ 31ಕ್ಕೆ ರಿಟರ್ನ್ ಸಲ್ಲಿಸುವ ಗಡುವು ಮುಗಿಯಿತು. ಸಲ್ಲಿಸಲು ಕೂತದ್ದು ಡಿಸೆಂಬರ್ 10ರಂದು. ಎರಡೂ ಕಂಪನಿಗಳ ಫಾರ್ಮ್ 16 ತೆಗೆದು ಪೋರ್ಟಲ್‌ನಲ್ಲಿ ಅಂಕಿ ತುಂಬಿದಾಗ ಕೊನೆಯ ಸಾಲಿನಲ್ಲಿ ಕಂಡದ್ದು 37,180 ರೂಪಾಯಿ ಬಾಕಿ.

ಈ ಮೊತ್ತ ಹೇಗೆ ಬಂತು ಎಂಬುದನ್ನು ಒಂದೊಂದೇ ಸಾಲಾಗಿ ಬಿಡಿಸಿ ನೋಡಬೇಕು. ಯಾವುದು ತೆರಿಗೆ, ಯಾವುದು ಬಡ್ಡಿ, ಯಾವುದು ತಡ ಶುಲ್ಕ ಎಂಬುದು ಗೊತ್ತಾದರೆ, ಯಾವುದನ್ನು ತಪ್ಪಿಸಬಹುದಿತ್ತು ಎಂಬುದೂ ಗೊತ್ತಾಗುತ್ತದೆ.

ಮೊದಲು ತೆರಿಗೆ. ಮೊದಲ ಕಂಪನಿ ಅವನ ವರ್ಷದ ಸಂಬಳ 8.4 ಲಕ್ಷ ಎಂದು ಅಂದಾಜು ಮಾಡಿ, 50,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಹೊಸ ತೆರಿಗೆ ಪದ್ಧತಿಯ ದರದಲ್ಲಿ ತಿಂಗಳಿಗೆ ಸುಮಾರು 2,947 ರೂಪಾಯಿ ಹಿಡಿದಿದೆ. ಆರು ತಿಂಗಳಿಗೆ 17,680. ಎರಡನೇ ಕಂಪನಿಗೆ ಹಿಂದಿನ ಸಂಬಳದ ವಿಷಯ ಗೊತ್ತೇ ಇಲ್ಲ. ಅದರ ಲೆಕ್ಕದಲ್ಲಿ ಇವನ ವರ್ಷದ ಆದಾಯ ಆರು ತಿಂಗಳಿನ 4.8 ಲಕ್ಷ ಮಾತ್ರ. ಅದು ಕೂಡ 50,000 ಕಳೆಯಿತು. ಉಳಿದದ್ದು ರಿಬೇಟಿನ ಮಿತಿಯೊಳಗೆ ಬಂದದ್ದರಿಂದ ಒಂದು ರೂಪಾಯಿಯನ್ನೂ ಹಿಡಿಯಲಿಲ್ಲ. ತನ್ನ ಮುಂದಿದ್ದ ಕಾಗದದ ಮಟ್ಟಿಗೆ ಎರಡು ಕಂಪನಿಗಳ ಲೆಕ್ಕವೂ ಸರಿಯೇ. ಹೊಸ ಕೆಲಸಕ್ಕೆ ಸೇರಿದ ದಿನವೇ ಹಿಂದಿನ ಸಂಬಳ ಮತ್ತು ಟಿಡಿಎಸ್ ವಿವರವನ್ನು ಫಾರ್ಮ್ 12ಬಿಯಲ್ಲಿ ಬರೆದು ಕೊಟ್ಟಿದ್ದರೆ ಎರಡನೇ ಕಂಪನಿ ಸಂಬಳದ ಮೇಲಿನ ಕೊರತೆಯನ್ನು ಮಾರ್ಚ್‌ನೊಳಗೆ ತುಂಬಿಸಿಕೊಳ್ಳುತ್ತಿತ್ತು.

ಎರಡನ್ನೂ ಒಟ್ಟಿಗೆ ನೋಡಿದರೆ ಚಿತ್ರ ಬೇರೆ. ಸಂಬಳ 9 ಲಕ್ಷ, ಬ್ಯಾಂಕ್ ಬಡ್ಡಿ 30,000, ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದೇ ಸಲ, 50,000. ತೆರಿಗೆಗೆ ಒಳಪಡುವ ಆದಾಯ 8,80,000. ಆ ವರ್ಷದ ಹೊಸ ಪದ್ಧತಿಯಲ್ಲಿ ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ, ಮುಂದಿನ 3 ಲಕ್ಷಕ್ಕೆ ಶೇ 5ರಂತೆ 15,000, ಉಳಿದ 2.8 ಲಕ್ಷಕ್ಕೆ ಶೇ 10ರಂತೆ 28,000. ಒಟ್ಟು 43,000, ಅದರ ಮೇಲೆ ಶೇ 4ರ ಸೆಸ್ ಸೇರಿ 44,720. ಕಡಿತವಾದ 17,680 ಕಳೆದರೆ ಬಾಕಿ 27,040.

ಮುಂದಿನ ಬಡ್ಡಿಯ ಲೆಕ್ಕವೆಲ್ಲ ಈ 27,040ರ ಮೇಲೆಯೇ ನಿಲ್ಲುತ್ತದೆ. ತಡವಾಯಿತೆಂದು ಇಡೀ ಸಂಬಳದ ಮೇಲೋ ಇಡೀ ತೆರಿಗೆಯ ಮೇಲೋ ಬಡ್ಡಿ ಬೀಳುವುದಿಲ್ಲ. ಟಿಡಿಎಸ್ ಮತ್ತು ಮುಂಗಡ ತೆರಿಗೆ ಕಳೆದು ಸರ್ಕಾರಕ್ಕೆ ಸೇರದೆ ಉಳಿದ ಹಣಕ್ಕಷ್ಟೇ ಬಡ್ಡಿ. ಲೆಕ್ಕಕ್ಕೆ ಇಳಿಯುವ ಮೊದಲು ನೂರರ ಕೆಳಗಿನ ಚಿಲ್ಲರೆಯನ್ನು ಬಿಟ್ಟುಬಿಡಬೇಕು ಎನ್ನುತ್ತದೆ ಆದಾಯ ತೆರಿಗೆ ನಿಯಮ 119ಎ. ಹಾಗಾಗಿ 27,040 ಎಂಬುದು 27,000 ಆಗುತ್ತದೆ.

ತಡವಾಗಿ ಸಲ್ಲಿಸಿದ್ದಕ್ಕೇ ಬೀಳುವ ಬಡ್ಡಿ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 234ಎಯದು. ಗಡುವಿನ ಮರುದಿನದಿಂದ ರಿಟರ್ನ್ ಸಲ್ಲಿಸುವ ದಿನದವರೆಗೆ ತಿಂಗಳಿಗೆ ಶೇ 1. ಇದು ಸರಳ ಬಡ್ಡಿ, ಬಡ್ಡಿಗೆ ಬಡ್ಡಿ ಇಲ್ಲ. ಆದರೆ ತಿಂಗಳನ್ನು ಎಣಿಸುವ ರೀತಿ ಬಿಗಿಯಾದದ್ದು: ತಿಂಗಳಿನ ಒಂದು ದಿನ ತಗುಲಿದರೂ ಇಡೀ ತಿಂಗಳು ಲೆಕ್ಕಕ್ಕೆ ಬರುತ್ತದೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಪೂರ್ತಿ ಕಳೆದವು. ಡಿಸೆಂಬರ್‌ನಲ್ಲಿ ಕಳೆದದ್ದು ಹತ್ತೇ ದಿನ, ಆದರೂ ಅದು ಐದನೇ ತಿಂಗಳು. 27,000ಕ್ಕೆ ಶೇ 5 ಎಂದರೆ 1,350 ರೂಪಾಯಿ. ಡಿಸೆಂಬರ್ 1ಕ್ಕೆ ಸಲ್ಲಿಸಿದರೂ ಅಷ್ಟೇ, 31ಕ್ಕೆ ಸಲ್ಲಿಸಿದರೂ ಅಷ್ಟೇ. ನವೆಂಬರ್ 30ರೊಳಗೆ ಮುಗಿಸಿದ್ದರೆ ಮಾತ್ರ ಒಂದು ತಿಂಗಳು ಉಳಿಯುತ್ತಿತ್ತು.

ಇನ್ನೆರಡು ಬಡ್ಡಿಗಳಿಗೆ ರಿಟರ್ನ್ ತಡವಾದದ್ದು ಕಾರಣವೇ ಅಲ್ಲ. ಪೋರ್ಟಲ್‌ನಲ್ಲಿ 234ಬಿ, 234ಸಿ ಎಂಬ ಸಾಲುಗಳನ್ನು ಕಂಡವರು ಎಲ್ಲವನ್ನೂ ಒಟ್ಟಿಗೆ ‘ಲೇಟ್ ಫೈನ್’ ಎಂದು ಕರೆದುಬಿಡುತ್ತಾರೆ. ನಿಜವಾಗಿ ಇವು ಮುಂಗಡ ತೆರಿಗೆ ಕಟ್ಟದ್ದಕ್ಕೆ ಬೀಳುವ ಬಡ್ಡಿ. ಟಿಡಿಎಸ್ ಕಳೆದ ಮೇಲೂ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚು ಉಳಿಯುವಂತಿದ್ದರೆ ಅದನ್ನು ಆ ಹಣಕಾಸು ವರ್ಷದೊಳಗೇ ನಾಲ್ಕು ಕಂತುಗಳಲ್ಲಿ ಕಟ್ಟಬೇಕು. ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ, ದೇಶದಲ್ಲೇ ವಾಸಿಸುವ 60 ದಾಟಿದವರಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಸಂಬಳದಾರರಿಗೂ ಮುಂಗಡ ತೆರಿಗೆಗೂ ಸಂಬಂಧವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ನಮ್ಮ ನೌಕರನ 27,040 ಆ ನಂಬಿಕೆಗೆ ತೆತ್ತ ಬೆಲೆಗೆ ಉದಾಹರಣೆ.

234ಬಿ ಬಡ್ಡಿ ಏಪ್ರಿಲ್ 1ರಿಂದಲೇ ಓಡಲು ಶುರುವಾಗುತ್ತದೆ. ಟಿಡಿಎಸ್ ಕಳೆದು ಉಳಿದ ತೆರಿಗೆಯಲ್ಲಿ ಶೇ 90ರಷ್ಟನ್ನೂ ಮಾರ್ಚ್ 31ರೊಳಗೆ ಕಟ್ಟದಿದ್ದರೆ, ಬಾಕಿ ಕಟ್ಟುವವರೆಗೆ ತಿಂಗಳಿಗೆ ಶೇ 1. ಏಪ್ರಿಲ್‌ನಿಂದ ಡಿಸೆಂಬರ್‌ಗೆ ಒಂಬತ್ತು ತಿಂಗಳು: 2,430 ರೂಪಾಯಿ. ಆಗಸ್ಟ್‌ನಿಂದ 234ಎ ಕೂಡ ಜೊತೆ ಸೇರುತ್ತದೆ. ಹಾಗಾಗಿ ಗಡುವು ದಾಟಿದ ಮೇಲೆ ಅದೇ ಬಾಕಿಯ ಮೇಲೆ ತಿಂಗಳಿಗೆ ಶೇ 2ರಂತೆ ಬಡ್ಡಿ ಏರುತ್ತಿರುತ್ತದೆ.

ಸರ್ಕಾರ ಗಡುವನ್ನು ಮುಂದೂಡಿದರೂ 234ಬಿ ಬಡ್ಡಿ ನಿಲ್ಲುವುದಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. 2025ರಲ್ಲಿ ಜುಲೈ 31ರ ಗಡುವು ಮೊದಲು ಸೆಪ್ಟೆಂಬರ್ 15ಕ್ಕೆ, ಆಮೇಲೆ ಕೊನೆಯ ಗಳಿಗೆಯಲ್ಲಿ 16ಕ್ಕೆ ಹೋಯಿತು. ತಡ ಶುಲ್ಕ ಮತ್ತು 234ಎ ಹೊಸ ದಿನಾಂಕಕ್ಕೆ ಸರಿದವು. 234ಬಿಯ ಏಪ್ರಿಲ್ 1 ಅಲ್ಲೇ ಇತ್ತು. ‘ಡೇಟ್ ಎಕ್ಸ್‌ಟೆಂಡ್ ಆಗಿದೆ’ ಎಂದು ಕಾದ ತೆರಿಗೆ ಬಾಕಿದಾರರು ಆಗಸ್ಟ್, ಸೆಪ್ಟೆಂಬರ್ ತಿಂಗಳ ಬಡ್ಡಿಯನ್ನು ತೆತ್ತರು.

234ಸಿ ಕಂತು ತಪ್ಪಿದ್ದಕ್ಕೆ. ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ 45, ಡಿಸೆಂಬರ್ 15ರೊಳಗೆ ಶೇ 75, ಮಾರ್ಚ್ 15ರೊಳಗೆ ಪೂರ್ತಿ ಕಟ್ಟಬೇಕಿತ್ತು. ಮೊದಲ ಮೂರು ಕಂತಿಗೆ ಮೂರು ಮೂರು ತಿಂಗಳ ಬಡ್ಡಿ, ಕೊನೆಯದಕ್ಕೆ ಒಂದು ತಿಂಗಳಿನದು. 27,040ರ ಶೇ 15 ಎಂದರೆ 4,056. ಚಿಲ್ಲರೆ ಬಿಟ್ಟು 4,000ಕ್ಕೆ ಶೇ 3, ಅಂದರೆ 120 ರೂಪಾಯಿ. ಇದೇ ರೀತಿ ಎರಡನೇ ಕಂತಿಗೆ 363, ಮೂರನೆಯದಕ್ಕೆ 606, ಕೊನೆಯದಕ್ಕೆ 270. ಒಟ್ಟು 1,359. ಈ ಮೊತ್ತ ಮಾರ್ಚ್‌ಗೇ ಸ್ಥಿರವಾಗಿಬಿಡುತ್ತದೆ, ರಿಟರ್ನ್ ಎಷ್ಟು ತಡವಾದರೂ ಬೆಳೆಯುವುದಿಲ್ಲ.

ಉಳಿದದ್ದು ಸೆಕ್ಷನ್ 234ಎಫ್‌ನ ತಡ ಶುಲ್ಕ. ಇದಕ್ಕೆ ತಿಂಗಳ ಲೆಕ್ಕವಿಲ್ಲ. ಆದಾಯ 5 ಲಕ್ಷ ಮೀರಿದ್ದರೆ 5,000, ಮೀರದಿದ್ದರೆ 1,000. ಒಂದು ದಿನ ತಡವಾದರೂ ಅಷ್ಟೇ, ಐದು ತಿಂಗಳಾದರೂ ಅಷ್ಟೇ. 2017ರ ಹಣಕಾಸು ಕಾಯ್ದೆ ಇದನ್ನು ತಂದಾಗ ಡಿಸೆಂಬರ್ ದಾಟಿದರೆ 10,000 ಇತ್ತು. ಆಮೇಲೆ 5,000ಕ್ಕೆ ಇಳಿಯಿತು. 5 ಲಕ್ಷ ಎಂದು ನೋಡುವುದು ಒಟ್ಟು ಸಂಬಳವನ್ನಲ್ಲ, ಕಡಿತಗಳೆಲ್ಲ ಕಳೆದ ಮೇಲಿನ ಆದಾಯವನ್ನು. ನಮ್ಮ ನೌಕರನದು 8.8 ಲಕ್ಷ, ಹಾಗಾಗಿ 5,000.

ಈಗ ಕೂಡಿಸಬಹುದು. ತೆರಿಗೆ 27,040, 234ಎ 1,350, 234ಬಿ 2,430, 234ಸಿ 1,359, ಶುಲ್ಕ 5,000. ಒಟ್ಟು 37,179, ಹತ್ತರ ಪೂರ್ಣಾಂಕಕ್ಕೆ ಸರಿಹೊಂದಿಸಿದರೆ 37,180.

ಇದೇ ಹೊಸ ಪದ್ಧತಿಯಲ್ಲಿ ಜುಲೈ 31ರೊಳಗೆ ಸಲ್ಲಿಸಿದ್ದರೆ ಏನಾಗುತ್ತಿತ್ತು? ಶುಲ್ಕವಿಲ್ಲ, 234ಎ ಇಲ್ಲ. 234ಬಿ ನಾಲ್ಕೇ ತಿಂಗಳಿಗೆ 1,080. 234ಸಿ ಹಾಗೇ 1,359. ಅಂದರೆ ತಡ ಮಾಡಿದ್ದಕ್ಕೆಂದೇ ತೆತ್ತದ್ದು 7,700 ರೂಪಾಯಿ. ದೊಡ್ಡ ಪೆಟ್ಟು ಇದೇ ಎಂದು ತೋರಬಹುದು. ಅಲ್ಲ.

ಈ ನೌಕರ ಧಾರವಾಡದಲ್ಲಿ ಸಾಲ ಮಾಡಿ ಮನೆ ಕಟ್ಟಿಸಿ, ಅದರಲ್ಲೇ ವಾಸವಾಗಿದ್ದಾನೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 2 ಲಕ್ಷ ಗೃಹಸಾಲದ ಬಡ್ಡಿ. ಪಿಎಫ್, ಎಲ್‌ಐಸಿ ಕಂತು, ಸಾಲದ ಅಸಲು ಸೇರಿ 80ಸಿಯ 1.5 ಲಕ್ಷವೂ ತುಂಬಿದೆ. ಕಂಪನಿಗೆ ಇವನ್ನೆಲ್ಲ ತಿಳಿಸಿರಲಿಲ್ಲ, ರಿಟರ್ನ್ ಸಲ್ಲಿಸುವಾಗ ಹಳೇ ಪದ್ಧತಿ ಆರಿಸಿಕೊಂಡರಾಯಿತು ಎಂದುಕೊಂಡಿದ್ದ. ಗಡುವಿನೊಳಗಾಗಿದ್ದರೆ ಅದು ಸರಿಯಾದ ಯೋಚನೆಯೇ. ಹಳೇ ಪದ್ಧತಿಯಲ್ಲಿ ಅವನ ಆದಾಯ 5,30,000ಕ್ಕೆ ಇಳಿಯುತ್ತಿತ್ತು. ತೆರಿಗೆ 18,500, ಸೆಸ್ ಸೇರಿ 19,240. ಟಿಡಿಎಸ್ ಕಳೆದರೆ ಬಾಕಿ 1,560 ರೂಪಾಯಿ ಮಾತ್ರ. ಬಾಕಿ 10,000ಕ್ಕಿಂತ ಕಡಿಮೆಯಾದ್ದರಿಂದ ಮುಂಗಡ ತೆರಿಗೆಯ ಪ್ರಶ್ನೆಯಿಲ್ಲ. 234ಬಿ, 234ಸಿ ಎರಡೂ ಸೊನ್ನೆ.

2023-24ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯೇ ಮೂಲ ಪದ್ಧತಿ. ವ್ಯಾಪಾರದ ಆದಾಯವಿಲ್ಲದವರು ಹಳೆಯದನ್ನು ಬೇಕೆಂದರೆ ಗಡುವಿನೊಳಗೆ ಸಲ್ಲಿಸುವ ರಿಟರ್ನ್‌ನಲ್ಲೇ ಆರಿಸಬೇಕು ಎನ್ನುತ್ತದೆ ಸೆಕ್ಷನ್ 115ಬಿಎಸಿ. ಆಗಸ್ಟ್ 1ಕ್ಕೆ ಆ ಬಾಗಿಲು ಮುಚ್ಚುತ್ತದೆ. ಗೃಹಸಾಲದ ಬಡ್ಡಿ, 80ಸಿ, ಮನೆ ಬಾಡಿಗೆ ಭತ್ಯೆ ಎಲ್ಲವೂ ಕೈತಪ್ಪುತ್ತವೆ. 1,560ರಲ್ಲಿ ಮುಗಿಯಬೇಕಿದ್ದದ್ದು 37,180ಕ್ಕೆ ಏರಿದೆ. ಇದರಲ್ಲಿ 25,480 ರೂಪಾಯಿ ಕಾನೂನಿನ ಭಾಷೆಯಲ್ಲಿ ದಂಡವೂ ಅಲ್ಲ, ಬಡ್ಡಿಯೂ ಅಲ್ಲ. ಅದು ತೆರಿಗೆ ಎಂಬ ಹೆಸರಿನಲ್ಲೇ ಹೋಗುತ್ತದೆ, ಆದ್ದರಿಂದಲೇ ಬಹಳ ಜನರಿಗೆ ಅದು ತಡಮಾಡಿದ್ದರ ಬೆಲೆ ಎಂದು ಹೊಳೆಯುವುದಿಲ್ಲ. ‘ಲೇಟಾದರೆ ಐದು ಸಾವಿರ ತಾನೇ’ ಎನ್ನುವವರು ಮೊದಲು ನೋಡಬೇಕಾದದ್ದು ಈ ಸಾಲನ್ನು. ಷೇರು ಮಾರಾಟದಲ್ಲಿ ನಷ್ಟ ಮಾಡಿಕೊಂಡವರಿಗೂ ಇಂಥದೇ ಪೆಟ್ಟು ಬೀಳುತ್ತದೆ: ಗಡುವು ದಾಟಿದರೆ ಆ ನಷ್ಟವನ್ನು ಮುಂದಿನ ವರ್ಷಗಳ ಲಾಭದಲ್ಲಿ ಕಳೆಯಲು ಬರುವುದಿಲ್ಲ.

ಕೆಲವೊಮ್ಮೆ ದಾಖಲೆ ಸಿಗದೆ ರಿಟರ್ನ್ ಸಲ್ಲಿಸುವುದು ಜುಲೈನಲ್ಲಿ ಸಾಧ್ಯವೇ ಆಗುವುದಿಲ್ಲ. ಹಿಂದಿನ ಕಂಪನಿ ಫಾರ್ಮ್ 16 ಕೊಡಲು ಸತಾಯಿಸುತ್ತದೆ, ಆಸ್ಪತ್ರೆ ವಾಸವೋ ಮನೆಯ ಸಾವೋ ಎದುರಾಗುತ್ತದೆ. ಆಗಲೂ ಬಾಕಿ ತೆರಿಗೆಯನ್ನು ಅಂದಾಜು ಮಾಡಿ ಗಡುವಿನೊಳಗೆ ಕಟ್ಟಿಬಿಡುವುದು ಲಾಭ. ಇದಕ್ಕೆ ಸುಪ್ರೀಂ ಕೋರ್ಟಿನ 2008ರ ಒಂದು ತೀರ್ಪು ಆಧಾರ. ಪತ್ರಕರ್ತ ಪ್ರಣಯ್ ರಾಯ್ ಅವರು 1995-96ರ ಅಸೆಸ್‌ಮೆಂಟ್ ವರ್ಷದ ತೆರಿಗೆಯನ್ನು ಗಡುವಿಗೆ ಮೊದಲೇ ಕಟ್ಟಿದ್ದರು, ರಿಟರ್ನ್ ಸಲ್ಲಿಸಿದ್ದು ತಿಂಗಳುಗಟ್ಟಲೆ ತಡವಾಗಿ. ಇಲಾಖೆ 234ಎ ಬಡ್ಡಿ ಹಾಕಿತು. ಹಣ ಆಗಲೇ ಖಜಾನೆಯಲ್ಲಿದ್ದಾಗ ಬಡ್ಡಿ ಯಾವುದಕ್ಕೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಿತು. ಗಡುವಿನೊಳಗೆ ಕಟ್ಟಿದ ಸ್ವಯಂ ನಿರ್ಧರಣೆ ತೆರಿಗೆಯ ಮೇಲೆ ಈ ಬಡ್ಡಿ ಇಲ್ಲವೆಂದು ನೇರ ತೆರಿಗೆ ಮಂಡಳಿಯೂ 2015ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ನಮ್ಮ ನೌಕರ ಜುಲೈ 30ರಂದು ಬಡ್ಡಿ ಸೇರಿಸಿ 29,479 ರೂಪಾಯಿ ಕಟ್ಟಿ, ರಿಟರ್ನನ್ನು ಡಿಸೆಂಬರ್‌ನಲ್ಲೇ ಸಲ್ಲಿಸಿದ್ದರೂ ಹೆಚ್ಚುವರಿಯಾಗಿ ಬೀಳುತ್ತಿದ್ದದ್ದು 5,000 ಶುಲ್ಕ ಮಾತ್ರ.

ಹಣ ಕಟ್ಟುವಾಗ ಆಗುವ ಒಂದು ತಪ್ಪು ಆಮೇಲೆ ಕಾಡುತ್ತದೆ. ತೆರಿಗೆಯಷ್ಟನ್ನು ಮಾತ್ರ ಕಟ್ಟೋಣ, ಬಡ್ಡಿ ಶುಲ್ಕವನ್ನು ಇಲಾಖೆ ಕೇಳಿದಾಗ ನೋಡೋಣ ಎಂದು ಕೆಲವರು 27,040ನ್ನಷ್ಟೇ ತುಂಬುತ್ತಾರೆ. ಸೆಕ್ಷನ್ 140ಎ ಪ್ರಕಾರ ಕಡಿಮೆ ಕಟ್ಟಿದ ಹಣ ಮೊದಲು ಶುಲ್ಕಕ್ಕೆ, ಆಮೇಲೆ ಬಡ್ಡಿಗೆ, ಉಳಿದದ್ದು ತೆರಿಗೆಗೆ ಜಮೆಯಾಗುತ್ತದೆ. ಹಾಗೆ ನೋಡಿದರೆ 10,139 ರೂಪಾಯಿ ಶುಲ್ಕ, ಬಡ್ಡಿಗಳಿಗೆ ಹೋಗಿ, ಅಷ್ಟೇ ಮೊತ್ತದ ತೆರಿಗೆ ಇನ್ನೂ ಬಾಕಿ ಇದೆ ಎಂದಾಗುತ್ತದೆ. ಬಡ್ಡಿಯೂ ಮುಂದುವರಿಯುತ್ತದೆ. ಪೋರ್ಟಲ್ ತೋರಿಸುವ ಪೂರ್ತಿ ಮೊತ್ತವನ್ನು e-Pay Tax ಮೂಲಕ ‘ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್’ ಎಂದು ಆರಿಸಿ ಕಟ್ಟಬೇಕು. ಅಲ್ಲಿ ಕೇಳುವುದು ಅಸೆಸ್‌ಮೆಂಟ್ ವರ್ಷ: 2023-24ರ ಆದಾಯಕ್ಕೆ 2024-25 ಎಂದು ಆರಿಸಬೇಕು. ಇದು ತಪ್ಪಿದರೆ ಹಣ ಬೇರೆ ವರ್ಷದ ಖಾತೆಗೆ ಹೋಗಿ ಕೂರುತ್ತದೆ. ಚಲನ್ ಸಂಖ್ಯೆ ಮತ್ತು ಬ್ಯಾಂಕಿನ ಬಿಎಸ್‌ಆರ್ ಕೋಡ್ ರಿಟರ್ನ್‌ನಲ್ಲಿ ಸರಿಯಾಗಿ ಬಂದಿದೆಯೇ ನೋಡಿ, ಸೆಕ್ಷನ್ 139(4)ರಡಿ ತಡವಾದ ರಿಟರ್ನ್ ಎಂದೇ ಸಲ್ಲಿಸಬೇಕು.

ಲೆಕ್ಕ ತಾಳೆಯಾಯಿತೇ ಎಂಬುದು ಆಮೇಲೆ ಬರುವ 143(1)ರ ಇಂಟಿಮೇಶನ್‌ನಲ್ಲಿ ಗೊತ್ತಾಗುತ್ತದೆ. ಅದರಲ್ಲಿ ಅಕ್ಕಪಕ್ಕ ಎರಡು ಕಾಲಂ ಇರುತ್ತವೆ: ತೆರಿಗೆದಾರ ಕೊಟ್ಟ ಅಂಕಿ ಒಂದು ಕಡೆ, ಇಲಾಖೆ ಹಾಕಿದ ಲೆಕ್ಕ ಇನ್ನೊಂದು ಕಡೆ. 234ಎ, 234ಬಿ, 234ಸಿ, 234ಎಫ್ ಸಾಲುಗಳನ್ನು ಒಂದೊಂದಾಗಿ ಹೋಲಿಸಿದರೆ ವ್ಯತ್ಯಾಸ ಎಲ್ಲಿ ಹುಟ್ಟಿತೆಂದು ಕಾಣುತ್ತದೆ. ಟಿಡಿಎಸ್ ಸಾಲಿನಲ್ಲೇ ಇಲಾಖೆಯ ಅಂಕಿ ಕಡಿಮೆಯಿದ್ದರೆ, ಕಂಪನಿ ಹಿಡಿದ ಹಣವನ್ನು ಸರಿಯಾಗಿ ತೋರಿಸಿಲ್ಲ ಎಂದರ್ಥ. ಹಾಗಾಗಿ ಬಡ್ಡಿಯ ಬಗ್ಗೆ ಜಗಳಕ್ಕೆ ಇಳಿಯುವ ಮುಂಚೆ ಫಾರ್ಮ್ 26ಎಎಸ್ ನೋಡಬೇಕು.

ತೆರಿಗೆಯೇ ಬಾಕಿ ಇಲ್ಲದವರು ತಡಮಾಡಿದರೆ ಬಡ್ಡಿ ಸೊನ್ನೆ, ಆದರೆ ಶುಲ್ಕ ತಪ್ಪುವುದಿಲ್ಲ. ರಿಬೇಟಿನಿಂದಾಗಿ ತೆರಿಗೆ ಸೊನ್ನೆಯಾದ 6.5 ಲಕ್ಷದ ಆದಾಯದವರೂ 5,000 ಕಟ್ಟಬೇಕು. ರೀಫಂಡ್ ಬರಬೇಕಾದವರಿಗೆ ಶುಲ್ಕ ಅದರಲ್ಲೇ ಕಡಿತವಾಗುತ್ತದೆ. ಆದಾಯ ಮೂಲ ವಿನಾಯಿತಿ ಮಿತಿಗಿಂತ ಕಡಿಮೆಯಿದ್ದು, ಕಾನೂನಿನ ಪ್ರಕಾರ ರಿಟರ್ನ್ ಸಲ್ಲಿಸಬೇಕಾದ ಬೇರೆ ಕಾರಣವೂ ಇಲ್ಲದವರಿಗೆ ಮಾತ್ರ ಶುಲ್ಕವಿಲ್ಲ.

ತಡವಾದ ರಿಟರ್ನ್‌ಗೂ ಒಂದು ಕೊನೆಯ ದಿನ ಇದೆ: ಸಾಮಾನ್ಯವಾಗಿ ಡಿಸೆಂಬರ್ 31. ಆ ವರ್ಷ ದೇಶವಾಸಿ ವ್ಯಕ್ತಿಗಳಿಗೆ ಅದು 2025ರ ಜನವರಿ 15ರವರೆಗೆ ವಿಸ್ತರಣೆಯಾಗಿತ್ತು. ಅದೂ ದಾಟಿದರೆ ಉಳಿಯುವುದು ‘ಅಪ್‌ಡೇಟೆಡ್ ರಿಟರ್ನ್’. ಅಸೆಸ್‌ಮೆಂಟ್ ವರ್ಷ ಮುಗಿದ ಮೇಲಿನ ಮೊದಲ 12 ತಿಂಗಳೊಳಗಾದರೆ ತೆರಿಗೆ ಮತ್ತು ಬಡ್ಡಿಯ ಮೊತ್ತಕ್ಕೆ ಶೇ 25 ಹೆಚ್ಚುವರಿ ತೆರಿಗೆ, 24 ತಿಂಗಳೊಳಗೆ ಶೇ 50. 2025ರ ಹಣಕಾಸು ಕಾಯ್ದೆ ಈ ಅವಕಾಶವನ್ನು 48 ತಿಂಗಳಿಗೆ ಚಾಚಿ, ಮೂರನೇ ವರ್ಷಕ್ಕೆ ಶೇ 60, ನಾಲ್ಕನೆಯದಕ್ಕೆ ಶೇ 70 ಎಂದು ಗೊತ್ತುಮಾಡಿತು. ನಮ್ಮ ನೌಕರ 2025ರ ಮಾರ್ಚ್ 20ರವರೆಗೆ ಎಳೆದಿದ್ದರೆ 234ಎ ಎಂಟು ತಿಂಗಳಿಗೆ 2,160, 234ಬಿ ಹನ್ನೆರಡು ತಿಂಗಳಿಗೆ 3,240. ತೆರಿಗೆ ಬಡ್ಡಿ ಸೇರಿ 33,799, ಅದರ ಶೇ 25 ಅಂದರೆ 8,450, ಜೊತೆಗೆ 5,000 ಶುಲ್ಕ: 47,000 ದಾಟುತ್ತಿತ್ತು. ರೀಫಂಡ್ ಕೇಳಲು ಈ ದಾರಿ ಬಳಸುವಂತಿಲ್ಲ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. ಅದಕ್ಕೆ ಹಿಂದಿನ ವರ್ಷಗಳ ಆದಾಯಕ್ಕೆ ಹಳೇ ಕಾಯ್ದೆಯದೇ ಲೆಕ್ಕ.

ಹಣ ಕಟ್ಟಿ, ರಿಟರ್ನ್ ಅಪ್‌ಲೋಡ್ ಮಾಡಿದ ಮೇಲೂ ಇ-ವೆರಿಫಿಕೇಶನ್ ಉಳಿದಿರುತ್ತದೆ. ಆಧಾರ್ ಓಟಿಪಿ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಅದನ್ನು 30 ದಿನದೊಳಗೆ ಮುಗಿಸಬೇಕು. ತಡವಾದರೆ ವೆರಿಫೈ ಮಾಡಿದ ದಿನವನ್ನೇ ರಿಟರ್ನ್ ಸಲ್ಲಿಸಿದ ದಿನ ಎಂದು ಇಲಾಖೆ ಹಿಡಿಯುತ್ತದೆ. ಜುಲೈ 31ಕ್ಕೆ ಅಪ್‌ಲೋಡ್ ಮಾಡಿ ಸೆಪ್ಟೆಂಬರ್ 5ಕ್ಕೆ ವೆರಿಫೈ ಮಾಡಿದವರ ರಿಟರ್ನ್ ಸೆಪ್ಟೆಂಬರ್ 5ರದ್ದಾಗುತ್ತದೆ. ತಡ ಶುಲ್ಕ ಬೀಳುತ್ತದೆ, ಹಳೇ ಪದ್ಧತಿಯ ಆಯ್ಕೆಯೂ ಹೋಗುತ್ತದೆ.